ಏರಿನಲ್ಲಿ ಕೂತು ತುಳಿಯಬೇಕೇ, ಎದ್ದು ತುಳಿಯಬೇಕೇ?

ಪ್ರಶ್ನೆ: ಸಂಡೂರಿನಿಂದ ಕುಮಾರಸ್ವಾಮಿ ಬೆಟ್ಟದ ಕಡೆ ಗೇರ್ ಸೈಕಲ್‌ನಲ್ಲಿ ಹತ್ತುತ್ತೇನೆ. ಕೂತು ತುಳಿದರೆ ಮೊಣಕಾಲಿನ ಮುಂಭಾಗ ನೋಯುತ್ತದೆ. ಎದ್ದು ತುಳಿದರೆ ಬೇಗ ಏದುಸಿರು ಬರುತ್ತದೆ, ನಡು ಹಿಡಿದುಕೊಳ್ಳುತ್ತದೆ. ನನ್ನ ತೂಕ 65 ಕೆಜಿ. ಮುಂದೆ 42 ಹಲ್ಲಿನ ದೊಡ್ಡ ಚಕ್ರ, ಹಿಂದೆ 24 ಹಲ್ಲಿನದು ಹಾಕಿಕೊಂಡೇ ಹತ್ತುತ್ತೇನೆ. ಮುಂದಿನದನ್ನು ಚಿಕ್ಕದಕ್ಕೆ ಇಳಿಸಿದರೆ ಕಾಲು ಸುಮ್ಮನೆ ಸುತ್ತಿದಂತಾಗುತ್ತದೆ. ಎದ್ದು ನಿಂತರೆ ಮೊಣಕಾಲಿಗೆ ಕೆಲಸ ಕಡಿಮೆಯಾಗುತ್ತದೆಯೇ? ಯಾವುದು ಸರಿ?

ಉತ್ತರ: ಕಡಿಮೆಯಾಗುವುದಿಲ್ಲ. ಮೊಣಕಾಲಿನ ಕೆಲಸ ತುಳಿತದ ಇನ್ನೊಂದು ಹಂತಕ್ಕೆ ಸರಿಯುತ್ತದೆ. ಅದರ ಜೊತೆಗೆ ಪೃಷ್ಠ, ನಡು, ತೋಳುಗಳಿಗೆ ಕೂತಾಗ ಇಲ್ಲದ ಕೆಲಸ ಬಂದು ಸೇರುತ್ತದೆ. ಬಳ್ಳಾರಿಯಲ್ಲಿ ಫಿಸಿಯೋಥೆರಪಿ ಮಾಡುವ, ಬಿಡುವಾದಾಗ ಅದೇ ಸಂಡೂರಿನ ಗುಡ್ಡಗಳಲ್ಲಿ ಸೈಕಲ್ ತುಳಿಯುವ ನನಗೆ ನಿಮ್ಮ ಎರಡೂ ನೋವುಗಳ ಬೇರು ಒಂದೇ ಕಡೆ ಕಾಣುತ್ತಿದೆ. ಅದು 42ರ ಆ ಚಕ್ರ. ಮೊದಲು ಅದರ ಲೆಕ್ಕ ಹಾಕೋಣ. ಸ್ನಾಯುಗಳ ಮಾತು ಆಮೇಲೆ ತಾನಾಗಿಯೇ ಅರ್ಥವಾಗುತ್ತದೆ.

ನೀವು, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 80 ಕೆಜಿ ಎಂದುಕೊಳ್ಳೋಣ. ಏರು ಶೇ 8ರದು ಎಂದಿರಲಿ, ಅಂದರೆ 100 ಮೀಟರ್ ಮುಂದೆ ಹೋಗುವಷ್ಟರಲ್ಲಿ 8 ಮೀಟರ್ ಮೇಲಕ್ಕೆ. ಗಂಟೆಗೆ 9 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 180 ವ್ಯಾಟ್ ಬೇಕು. ಇದರಲ್ಲಿ ಬಹುಪಾಲು ಭಾರವನ್ನು ಮೇಲೆತ್ತುವುದಕ್ಕೇ ಹೋಗುತ್ತದೆ. ಈ ವೇಗದಲ್ಲಿ ಗಾಳಿಯ ತಡೆ ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ 42–24 ಗೇರಿನಲ್ಲಿ ಈ ವೇಗಕ್ಕೆ ಪೆಡಲ್ ನಿಮಿಷಕ್ಕೆ ಸುಮಾರು 41 ಸುತ್ತು ತಿರುಗುತ್ತದೆ. ಪೆಡಲನ್ನು ಹಿಡಿದಿರುವ ಕ್ರ್ಯಾಂಕ್ ಎಂಬ ತೋಳು 170 ಮಿಲಿಮೀಟರ್ ಇದ್ದರೆ ಪೆಡಲಿನ ಮೇಲೆ ಸರಾಸರಿ 25 ಕೆಜಿ ಭಾರದಷ್ಟು ಬಲ ಬೀಳಬೇಕು. ಆದರೆ ಕಾಲು ಸುತ್ತಿನುದ್ದಕ್ಕೂ ಒಂದೇ ಸಮನೆ ಒತ್ತುವುದಿಲ್ಲ. ಪೆಡಲ್ ಮೇಲ್ತುದಿಯಲ್ಲಿ ಮತ್ತು ಕೆಳತುದಿಯಲ್ಲಿ ಇರುವಾಗ ಬಲ ಬಹುತೇಕ ಇಲ್ಲ, ಮುಂದೆ ಚಾಚಿದಾಗ ಸರಾಸರಿಯ ಹೆಚ್ಚುಕಡಿಮೆ ಎರಡರಷ್ಟು. ಅಂದರೆ ಪ್ರತಿ ತುಳಿತದಲ್ಲಿ ಒಂದು ಕ್ಷಣ ನೀವು ಸುಮಾರು 50 ಕೆಜಿ ಭಾರದಷ್ಟು ಒತ್ತುತ್ತಿದ್ದೀರಿ.

ನಿಮ್ಮ ತೂಕವೇ 65. ಕೂತುಕೊಂಡು 50 ಒತ್ತಿದಾಗ ದೇಹ ಸೀಟಿನಿಂದ ಮೇಲೇಳಲು ನೋಡುತ್ತದೆ. ಅದನ್ನು ಸೀಟಿನಲ್ಲೇ ಉಳಿಸಲು ನೀವು ಗೊತ್ತಿಲ್ಲದೆಯೇ ಹ್ಯಾಂಡಲನ್ನು ಎಳೆಯುತ್ತೀರಿ, ಬೆನ್ನು ಬಿಗಿಯುತ್ತೀರಿ. ಸೊಂಟ ಸೀಟಿನ ಮೇಲೆ ಇದ್ದಲ್ಲೇ ಇರುವುದರಿಂದ ಮೊಣಕಾಲು ಇನ್ನೂ ಸಾಕಷ್ಟು ಮಡಚಿರುವಾಗಲೇ ಈ ಒತ್ತಡದ ಬಹುಭಾಗ ಬೀಳುತ್ತದೆ. ತೊಡೆಯ ಮುಂಭಾಗದ ಸ್ನಾಯುಗಳು ಎಳೆದಾಗ ಮಂಡಿಚಿಪ್ಪು ತೊಡೆಮೂಳೆಗೆ ಒತ್ತಿಕೊಳ್ಳುತ್ತದೆ. ಕಾಲು ಹೆಚ್ಚು ಮಡಚಿದಷ್ಟೂ, ಎಳೆತ ಹೆಚ್ಚಿದಷ್ಟೂ ಆ ಒತ್ತು ಹೆಚ್ಚು. ಮೊಣಕಾಲಿನ ಮುಂಭಾಗದ ನೋವಿಗೆ ಇದು ಬಹಳ ಸಾಮಾನ್ಯ ದಾರಿ.

ಈಗ ಎದ್ದು ನಿಂತಾಗ ಏನಾಗುತ್ತದೆ ನೋಡಿ. ಸೀಟು ಹೊತ್ತಿದ್ದ ಭಾರವೂ ಪೆಡಲಿಗೆ ಬರುತ್ತದೆ, ಸೊಂಟ ಮುಂದಕ್ಕೆ ಮತ್ತು ಮೇಲಕ್ಕೆ ಸರಿಯುತ್ತದೆ. 50 ಕೆಜಿ ಒತ್ತುವುದು ಆಗ ಸುಲಭವೆನಿಸುತ್ತದೆ, ಏಕೆಂದರೆ ದೇಹದ ತೂಕವೇ ಪೆಡಲಿನ ಮೇಲೆ ಇಳಿಯುತ್ತದೆ. ಆದರೆ ಆ ತೂಕ ಪುಕ್ಕಟೆಯಲ್ಲ. ಇಳಿದ ದೇಹವನ್ನು ಮುಂದಿನ ತುಳಿತಕ್ಕೆ ಮತ್ತೆ ಮೇಲೆತ್ತಬೇಕಾದವರೂ ನೀವೇ.

ಇದನ್ನು ಅಳೆದು ನೋಡಿದ್ದಾರೆ. ಲಿ ಲಿ ಮತ್ತು ಗ್ರಹಾಂ ಕಾಲ್ಡ್‌ವೆಲ್ ಎಂಬ ಸಂಶೋಧಕರು ಸವಾರರ ಕಾಲಿನ ಸ್ನಾಯುಗಳ ವಿದ್ಯುತ್ ಸಂಕೇತಗಳನ್ನು ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಕೂತೇ ತುಳಿಯುವವರಿಗೆ ಸಮತಟ್ಟಿನಲ್ಲೂ ಶೇ 8ರ ಏರಿನಲ್ಲೂ ಸ್ನಾಯುಗಳು ಕೆಲಸ ಮಾಡುವ ಕ್ರಮದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಬದಲಾವಣೆ ಕಂಡದ್ದು ಎದ್ದು ನಿಂತಾಗ. ಅಂದರೆ ಸ್ನಾಯುಗಳ ಪಾಲಿಗೆ ದೊಡ್ಡ ಸಂಗತಿ ಏರಲ್ಲ, ಸೀಟು ಬಿಡುವುದು. ಈ ಮಾತನ್ನು ಸವಾರರು ನಂಬುವುದು ಕಷ್ಟ, ಆದರೆ ಉಳಿದೆಲ್ಲವೂ ಇದರ ಮೇಲೆಯೇ ನಿಂತಿದೆ.

ಎದ್ದಾಗ ಮೊಣಕಾಲನ್ನು ನೇರ ಮಾಡುವ ತೊಡೆಯ ಮುಂಭಾಗದ ಸ್ನಾಯುಗಳು ಹೆಚ್ಚು ಹೊತ್ತು ಕೆಲಸದಲ್ಲಿರುತ್ತವೆ. ಕೂತಾಗ ಪೆಡಲ್ ಅರ್ಧ ಇಳಿಯುವಷ್ಟರಲ್ಲಿ ಅವು ಕೈಬಿಡತೊಡಗುತ್ತವೆ; ನಿಂತಾಗ ಪೆಡಲ್ ಕೆಳತುದಿಯ ಕಡೆ ಹೋಗುವವರೆಗೂ ದೇಹದ ಭಾರವನ್ನು ತಡೆದು ಹಿಡಿದಿರುತ್ತವೆ. ಒತ್ತಡದ ಶಿಖರವೂ ತಡವಾಗಿ ಬರುತ್ತದೆ, ಆಗ ಮೊಣಕಾಲು ಹೆಚ್ಚು ನೇರವಾಗಿರುತ್ತದೆ. ನಿಮಗೆ ಎದ್ದಾಗ ಚಿಪ್ಪಿನ ನೋವು ಕಡಿಮೆ ಎನಿಸುವುದಕ್ಕೆ ಕಾರಣ ಈ ಕೋನ, ಕೆಲಸದ ಇಳಿಕೆಯಲ್ಲ. ಆದ್ದರಿಂದಲೇ ಎದ್ದು ಬಹಳ ದೂರ ಹತ್ತಿದವರ ತೊಡೆ ಬೇಗ ಉರಿಯುತ್ತದೆ.

ಸೊಂಟದ ಕೀಲಿನದು ನನಗೆ ಅತ್ಯಂತ ಇಷ್ಟದ ಭಾಗ. ನಿಂತಾಗ ಪೃಷ್ಠದ ದೊಡ್ಡ ಸ್ನಾಯು, ಗ್ಲೂಟಿಯಸ್ ಮ್ಯಾಕ್ಸಿಮಸ್, ಸ್ಪಷ್ಟವಾಗಿ ಹೆಚ್ಚು ದುಡಿಯುತ್ತದೆ, ಹೆಚ್ಚು ಹೊತ್ತು ದುಡಿಯುತ್ತದೆ. ಹಾಗಾದರೆ ಸೊಂಟದಿಂದ ಬರುವ ಒತ್ತುವ ಬಲ ಅಷ್ಟೇ ಹೆಚ್ಚಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಆದರೆ ಕೀಲುಗಳ ತಿರುಗುಬಲವನ್ನು ಲೆಕ್ಕ ಹಾಕಿದಾಗ ಕಣಕಾಲು ಮತ್ತು ಮೊಣಕಾಲಿನಲ್ಲಿ ಕಂಡಷ್ಟು ದೊಡ್ಡ ಬದಲಾವಣೆ ಸೊಂಟದಲ್ಲಿ ಕಾಣಲಿಲ್ಲ. ಹೆಚ್ಚುವರಿ ದುಡಿಮೆ ಹೋದದ್ದು ಶ್ರೋಣಿಯನ್ನು, ಅಂದರೆ ಸೊಂಟದ ಮೂಳೆಗೂಡನ್ನು, ಅಲುಗದಂತೆ ಹಿಡಿಯುವುದಕ್ಕೆ. ಕೂತಿರುವಾಗ ಶ್ರೋಣಿಗೆ ಸೀಟಿನ ಆಸರೆಯಿದೆ. ಎದ್ದೊಡನೆ ಆ ಆಸರೆ ತಪ್ಪಿ, ಒಂದು ಕಾಲಿನ ಮೇಲೆ ನಿಂತವನ ಸೊಂಟದಂತೆ ಅದು ಪ್ರತಿ ತುಳಿತದಲ್ಲೂ ಕುಸಿಯಲು ನೋಡುತ್ತದೆ. ಪೃಷ್ಠದ ಸ್ನಾಯು ಅದನ್ನು ತಡೆಯುತ್ತದೆ. ಅದು ಸೋತರೆ ಆ ಕೆಲಸ ನಡುವಿನ ಪಾಲಿಗೆ ಬರುತ್ತದೆ.

ನಿಮ್ಮ ನಡುನೋವು ಇಲ್ಲಿಂದ ಶುರುವಾಗುತ್ತದೆ. ಬಲಗಾಲು ಒತ್ತುವಾಗ ಬಲಗೈ ಹ್ಯಾಂಡಲನ್ನು ಮೇಲಕ್ಕೆ ಎಳೆಯುತ್ತದೆ, ಸೈಕಲ್ ಎಡಕ್ಕೆ ವಾಲುತ್ತದೆ. ಎಡಗಾಲಿಗೆ ಇದರ ತಿರುವುಮುರುವು. ಕೈಯ ಎಳೆತ ಕಾಲಿನ ಒತ್ತಿಗೆ ತಲುಪಬೇಕಾದರೆ ನಡುವೆ ಇರುವ ಮುಂಡ ಗಟ್ಟಿಯಾಗಿರಬೇಕು. ಅದಕ್ಕಾಗಿ ಹೊಟ್ಟೆಯ ಮುಂಭಾಗದ ಸ್ನಾಯುಗಳು, ಬೆನ್ನುಮೂಳೆಯ ಇಬ್ಬದಿಯ ಉದ್ದ ಸ್ನಾಯುಗಳು, ತೋಳಿನ ಹಿಂದುಮುಂದಿನ ಸ್ನಾಯುಗಳು ಎಲ್ಲವೂ ಎಚ್ಚೆತ್ತುಕೊಳ್ಳುತ್ತವೆ. ಮೀನಖಂಡದ ಸ್ನಾಯುಗಳ ಚಟುವಟಿಕೆ ಅಷ್ಟಾಗಿ ಏರದಿದ್ದರೂ ಮುಂಡ ಮತ್ತು ತೋಳುಗಳದು ಬಹಳ ಏರುತ್ತದೆ. ಇಷ್ಟು ಸ್ನಾಯುಗಳಿಗೆ ರಕ್ತ ಒದಗಿಸಬೇಕಾದ ಹೃದಯ ಬೇಗ ಬಡಿಯುತ್ತದೆ, ನಿಮಗೆ ಏದುಸಿರು. ಹದವಾದ ಶ್ರಮದಲ್ಲಿ ಸಾಧಾರಣ ಏರನ್ನು ಹತ್ತುವಾಗ ಕೂತು ತುಳಿಯುವುದೇ ಅಗ್ಗ. ಏರು ಕಡಿದಾದಷ್ಟೂ ಆಮ್ಲಜನಕದ ವೆಚ್ಚದ ಅಂತರ ಕಿರಿದಾಗುತ್ತದೆ. ನಿಮ್ಮ ಶಕ್ತಿಯ ಮೇಲ್ಮಿತಿಗೆ ಹತ್ತಿರದ ಶ್ರಮದಲ್ಲಿ ಸ್ವಲ್ಪ ಹೊತ್ತು ಮಾತ್ರ ಎದ್ದು ತುಳಿಯುವುದು ಮೇಲುಗೈ ಪಡೆಯುತ್ತದೆ. ನಮ್ಮ ಬೇಸಿಗೆಯಲ್ಲಿ ಇನ್ನೊಂದು ಮಾತೂ ಇದೆ. ಗಂಟೆಗೆ 9 ಕಿ.ಮೀ. ವೇಗದಲ್ಲಿ ಮೈಗೆ ತಂಪು ಕೊಡುವಷ್ಟು ಗಾಳಿ ಸಿಗುವುದಿಲ್ಲ, ಹಾಗಾಗಿ ಏಪ್ರಿಲ್‌ನ ಹತ್ತು ಗಂಟೆಯ ಬಿಸಿಲಿನಲ್ಲಿ ಉದ್ದಕ್ಕೂ ಎದ್ದು ಹತ್ತುವುದು ಹೃದಯಕ್ಕೆ ಇನ್ನಷ್ಟು ಹೊರೆ.

ಈಗ ಪರಿಹಾರ. ಮುಂದಿನ ಚಕ್ರವನ್ನು 24ರದಕ್ಕೆ ಇಳಿಸಿ, ಹಿಂದಿನದನ್ನು 24ರಲ್ಲೇ ಬಿಡಿ. ಅದೇ 9 ಕಿ.ಮೀ. ವೇಗಕ್ಕೆ ನಿಮಿಷಕ್ಕೆ ಸುಮಾರು 71 ಸುತ್ತು ಬೀಳುತ್ತದೆ, ಶಿಖರದ ಒತ್ತು 50ರಿಂದ 30 ಕೆಜಿಯ ಆಸುಪಾಸಿಗೆ ಇಳಿಯುತ್ತದೆ. ನಿಮ್ಮ ಮೊಣಕಾಲಿಗೆ ಈ ಒಂದು ಬದಲಾವಣೆ ಕೊಡುವಷ್ಟನ್ನು ಯಾವ ಭಂಗಿಯೂ ಕೊಡಲಾರದು. ‘ಸುಮ್ಮನೆ ಸುತ್ತಿದಂತೆ’ ಎನಿಸುವುದು ಅಭ್ಯಾಸವಿಲ್ಲದ್ದರಿಂದ. ಕೆಲವು ವಾರ ಸಮತಟ್ಟಿನಲ್ಲಿ 70–80 ಸುತ್ತಿನ ವೇಗ ರೂಢಿಸಿಕೊಂಡರೆ ಹೋಗುತ್ತದೆ. ಜೊತೆಗೆ ಸೀಟಿನ ಎತ್ತರ ನೋಡಿ. ಪೆಡಲ್ ಕೆಳತುದಿಯಲ್ಲಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಆಗಲೂ ಮೊಣಕಾಲು ಮಡಚಿಯೇ ಇದ್ದರೆ ಸೀಟು ತಗ್ಗಾಗಿದೆ, ಚಿಪ್ಪಿನ ನೋವಿಗೆ ಅದೂ ಪಾಲುದಾರ. ಹಿಮ್ಮಡಿ ತಲುಪಲು ಸೊಂಟ ಪಕ್ಕಕ್ಕೆ ಜಾರಿದರೆ ಎತ್ತರ ಹೆಚ್ಚಾಗಿದೆ.

ಎದ್ದು ತುಳಿಯುವುದನ್ನು ಬಿಡಬೇಡಿ, ಕಡಿದಾದ ತಿರುವಿಗೆ ಮತ್ತು ಸೀಟಿನಿಂದ ಜೋಮು ಹಿಡಿದಾಗ ಇಟ್ಟುಕೊಳ್ಳಿ. ಪ್ರತಿ ಸಲ ಹತ್ತಿಪ್ಪತ್ತು ತುಳಿತ ಸಾಕು. ಏಳುವ ಮೊದಲು ಹಿಂದಿನ ಗೇರನ್ನು ಒಂದೆರಡು ಮೆಟ್ಟಿಲು ಗಟ್ಟಿ ಮಾಡಿ, ಇಲ್ಲವಾದರೆ ಪೆಡಲ್ ದಿಢೀರನೆ ಜಾರಿದಂತಾಗುತ್ತದೆ. ಒಂದು ಪೆಡಲ್ ಕೆಳಗಿಳಿಯಲು ಶುರುವಾದಾಗ ಏಳಿ, ಸೈಕಲ್ ಹಿಂದಕ್ಕೆ ಎಳೆದಂತಾಗುವುದಿಲ್ಲ. ನಿಂತಾಗ ಸೀಟಿನ ಮೂತಿ ತೊಡೆಯ ಹಿಂಭಾಗಕ್ಕೆ ಸವರುತ್ತಿರಬೇಕು. ಹ್ಯಾಂಡಲಿನ ಮೇಲೆ ಜೋತುಬಿದ್ದರೆ ಸೀಟು ಹಿಂದೆ ದೂರ ಉಳಿಯುತ್ತದೆ, ಹಿಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗುತ್ತದೆ. ಅದಿರಿನ ಕೆಂಪು ಧೂಳು, ಸಣ್ಣ ಕಲ್ಲು ಬಿದ್ದಿರುವ ನಮ್ಮ ರಸ್ತೆಗಳಲ್ಲಿ ಆಗ ಚಕ್ರ ಗರ್ರನೆ ಜಾರುವುದನ್ನು ನೀವೇ ಕೇಳುವಿರಿ. ಸೈಕಲ್ ಅತ್ತಿತ್ತ ವಾಲಲಿ, ಎದೆ ಮತ್ತು ತಲೆ ನೇರ ಇರಲಿ. ಎದೆಯೇ ತೂಗಾಡುತ್ತಿದ್ದರೆ ನಡು ಆ ತೂಗಾಟವನ್ನು ತಡೆಯುತ್ತಾ ದಣಿಯುತ್ತಿದೆ ಎಂದರ್ಥ. ಲಾರಿ ಹಿಂದಿನಿಂದ ಬರುವ ಸದ್ದಾದರೆ ಕೂತುಬಿಡಿ, ವಾಲಾಡಲು ಅಲ್ಲಿ ಜಾಗವಿರುವುದಿಲ್ಲ.

ಗೇರಿಲ್ಲದ ಸಾದಾ ಸೈಕಲ್‌ನವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಮುಂದೆ 44, ಹಿಂದೆ 18 ಹಲ್ಲಿದ್ದರೆ ಇದೇ ಏರಿನಲ್ಲಿ ಇದೇ ವೇಗಕ್ಕೆ ಶಿಖರದ ಒತ್ತು 70 ಕೆಜಿಗೆ ಏರುತ್ತದೆ, 65 ಕೆಜಿಯವನ ಪೂರ್ತಿ ತೂಕಕ್ಕಿಂತ ಹೆಚ್ಚು. ನಿಂತರೂ ಸಾಲದು, ಹ್ಯಾಂಡಲ್ ಎಳೆಯಲೇಬೇಕು. ಅಲ್ಲಿ ಇಳಿದು ತಳ್ಳಿಕೊಂಡು ಹೋಗುವವರು ಲೆಕ್ಕ ಸರಿಯಾಗಿಯೇ ಹಾಕಿದ್ದಾರೆ.

ಗೇರ್ ಮತ್ತು ಸೀಟು ಸರಿಪಡಿಸಿ ಮೂರು ನಾಲ್ಕು ವಾರ ನೋಡಿ. ಆಮೇಲೂ ಮೆಟ್ಟಿಲು ಇಳಿಯುವಾಗ ಚಿಪ್ಪಿನ ಹಿಂದೆ ನೋವಿದ್ದರೆ ತೋರಿಸಿಕೊಳ್ಳಿ. ಮೊಣಕಾಲು ಊದಿಕೊಂಡರೆ, ಮಡಚಿದ್ದು ಸಿಕ್ಕಿಹಾಕಿಕೊಂಡಂತಾದರೆ ಅಥವಾ ನಡುನೋವು ಕಾಲಿನೊಳಕ್ಕೆ ಇಳಿದರೆ ಅಷ್ಟು ದಿನ ಕಾಯಬೇಡಿ, ಸೈಕಲ್ ನಿಲ್ಲಿಸಿ ಮೊದಲು ಮೂಳೆ ವೈದ್ಯರನ್ನು ಕಾಣಿ.