ಬೈಗುಳವನ್ನು ಬೈಗುಳವಾಗಿಯೇ ಬರೆಯಿರಿ

ಸಂಪಾದಕರೇ,
ಆರು ವರ್ಷಗಳಿಂದ ನರ್ಸ್ ಆಗಿದ್ದೇನೆ. ರೋಗಿಗಳ ಕಡೆಯವರಿಂದ ಬೈಸಿಕೊಳ್ಳದ ದಿನವಿಲ್ಲ. ಪ್ರತಿ ಘಟನೆಯನ್ನೂ ನಮೂನೆಯಲ್ಲಿ ಬರೆದುಕೊಡಬೇಕೆಂದು ಈಗ ಹೇಳಿದ್ದಾರೆ. ಮೂರು ಸಲ ಬರೆದೆ. "ನಿಮಗೇ ಏಕೆ ಹೀಗಾಗುತ್ತದೆ?" ಎಂದು ಮೇಲ್ವಿಚಾರಕರು ಕೇಳಿದರು. ಅಂದಿನಿಂದ ಬಿಟ್ಟುಬಿಟ್ಟೆ. ಬರೆದು ಏನು ಪ್ರಯೋಜನ?
– ಓರ್ವ ಓದುಗಿ

ಸಂಪಾದಕರ ಉತ್ತರ:

ಆ ಮಾತನ್ನು ಅವರು ಆಡಬಾರದಿತ್ತು. ಪೆಟ್ಟು ತಿಂದವರನ್ನೇ ಕಟಕಟೆಗೆ ಹತ್ತಿಸಿದರೆ ಬರೆಯುವ ಕೈಗಳು ತಾವಾಗಿಯೇ ಹಿಂದೆ ಸರಿಯುತ್ತವೆ. ಆಮೇಲೆ ಖಾಲಿ ನಮೂನೆಗಳನ್ನೇ ತೋರಿಸಿ, ಇಲ್ಲಿ ಅಂಥದ್ದೇನೂ ನಡೆಯುವುದಿಲ್ಲ ಎಂದು ಹೇಳುವವರು ಇದ್ದೇ ಇರುತ್ತಾರೆ. ಆದ್ದರಿಂದಲೇ ನೀವು ಬಿಡಬಾರದೆಂದು ಕೇಳಿಕೊಳ್ಳುತ್ತೇನೆ.

ಬರೆಯತೊಡಗಿದ ಮೊದಲ ತಿಂಗಳುಗಳಲ್ಲಿ ಸಂಖ್ಯೆ ಏರುವುದು ಸಹಜ. ಸ್ವೀಡನ್ನಿನಲ್ಲಿ 47 ಆರೋಗ್ಯ ಸೇವಾ ಘಟಕಗಳನ್ನು ಒಂದು ವರ್ಷ ಗಮನಿಸಿ, 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಎಲ್ಲ ಘಟಕಗಳವರೂ ಘಟನೆಗಳನ್ನು ದಾಖಲಿಸುತ್ತಿದ್ದರು. ಕೆಲವು ಘಟಕಗಳಲ್ಲಿ ಮಾತ್ರ ಆ ದಾಖಲೆಗಳನ್ನು ಸಿಬ್ಬಂದಿಯ ಮುಂದಿಟ್ಟು ಚರ್ಚಿಸಲಾಗುತ್ತಿತ್ತು. ಹಾಗೆ ಚರ್ಚೆ ನಡೆದ ಕಡೆಗಳಿಂದಲೇ ಶೇ. 50ರಷ್ಟು ಹೆಚ್ಚು ಘಟನೆಗಳು ವರದಿಯಾದವು. ಅಲ್ಲಿನವರಿಗೆ ಅಪಾಯದ ಸನ್ನಿವೇಶಗಳನ್ನು ಗುರುತಿಸುವ ಕಣ್ಣೂ ಹರಿತವಾಗಿತ್ತು. ಹಾಗಾಗಿ ನಿಮ್ಮ ಮೂರು ನಮೂನೆಗಳಿಂದ ನೀವು ಜಗಳಗಂಟಿ ಎಂದು ತಿಳಿಯುವುದಿಲ್ಲ. ಉಳಿದವರು ಬರೆಯುತ್ತಿಲ್ಲ ಎಂದಷ್ಟೇ ತಿಳಿಯಬಹುದು.

ಇನ್ನು ಬರೆಯುವ ಬಗೆ. "ರೋಗಿಯ ಮಗ ಅನುಚಿತವಾಗಿ ವರ್ತಿಸಿದರು" ಎಂಬ ಸಾಲು ಓದಲು ಸಭ್ಯವಾಗಿದೆ, ಉಪಯೋಗಕ್ಕೆ ಮಾತ್ರ ಬಾರದು. ಅದೇ ಘಟನೆಯನ್ನು ಹೀಗೆ ಬರೆದು ನೋಡಿ: "ಸಂಜೆ 6.40. ಔಷಧದ ಟ್ರಾಲಿಯ ಬಳಿ ಒಬ್ಬಳೇ ಇದ್ದೆ. ವೈದ್ಯರು ಯಾವಾಗ ಬರುತ್ತಾರೆ ಎಂದು ರೋಗಿಯ ಮಗ ಮೂರನೆಯ ಸಲ ಕೇಳಿದರು. ಗೊತ್ತಿಲ್ಲ ಎಂದೆ. 'ಹೊರಗೆ ಸಿಗು, ನೋಡಿಕೊಳ್ಳುತ್ತೇನೆ' ಎಂದು ಟ್ರಾಲಿಯನ್ನು ನನ್ನತ್ತ ನೂಕಿದರು. ಬಲ ಮೊಣಕಾಲಿಗೆ ತಾಗಿತು. ಪಕ್ಕದ ಹಾಸಿಗೆಯವರು ನೋಡಿದರು."

ಇಲ್ಲಿ ಬೆದರಿಕೆ ಅವರ ಬಾಯಿಂದ ಬಂದ ಹಾಗೆಯೇ ಇದೆ. ಬೈಗುಳ ಎಷ್ಟೇ ಹೊಲಸಾಗಿರಲಿ, ಅದನ್ನು ತಿದ್ದಿ ತೊಳೆದು ಬರೆಯಬೇಡಿ; ನಾಚಿಕೆಪಡಬೇಕಾದವರು ಅದನ್ನು ಆಡಿದವರು. ಪಾಳಿ ಮುಗಿಯುವ ಮೊದಲೇ ಬರೆಯಿರಿ, ಮರುದಿನಕ್ಕೆ ಗಂಟೆಯೂ ಮಾತೂ ಮಸುಕಾಗುತ್ತವೆ. ಅವರು ಕುಡಿದಿದ್ದರು ಎಂದು ಊಹಿಸಿ ಬರೆಯುವ ಬದಲು ಮದ್ಯದ ವಾಸನೆ ಬರುತ್ತಿತ್ತು ಎಂದು, ಕಂಡಷ್ಟನ್ನೇ ಬರೆಯಿರಿ. ನೀವು ಕೊಟ್ಟ ಉತ್ತರವನ್ನೂ ಬಿಡಬೇಡಿ. ನೀವೂ ದನಿಯೇರಿಸಿದ್ದರೆ ಅದೂ ಇರಲಿ, ಇಲ್ಲವಾದರೆ ಇನ್ನೊಬ್ಬರು ಅದನ್ನೊಂದೇ ಹೇಳಿ ನಿಮ್ಮ ಉಳಿದ ಮಾತನ್ನೆಲ್ಲ ತಳ್ಳಿಹಾಕುತ್ತಾರೆ.

ಆ ಬರಹದಲ್ಲಿ ಗಂಟೆ ಇದೆ, ನೀವು ಒಬ್ಬರೇ ಇದ್ದಿರಿ ಎಂಬುದಿದೆ, ಉತ್ತರ ಸಿಗದ ಪ್ರಶ್ನೆಯೊಂದಿದೆ. ಇಂಥ ಹತ್ತು ನಮೂನೆಗಳಲ್ಲಿ ಏಳು ಸಂಜೆ ಆರರಿಂದ ಏಳರ ನಡುವಿನವು ಎಂದುಕೊಳ್ಳಿ. ಅದು ಭೇಟಿಯ ವೇಳೆ, ಪಾಳಿ ಬದಲಾಗುವ ವೇಳೆಯೂ ಹೌದು. ವಿಷಯ ತಿಳಿಸಬಲ್ಲವರು ಯಾರೂ ಮೇಜಿನ ಬಳಿ ಇರುವುದಿಲ್ಲ. ಆಗ ಒಂದೋ ಪಾಳಿಯ ಗಂಟೆಯನ್ನು ಸರಿಸಬೇಕು, ಇಲ್ಲವೇ ವೈದ್ಯರ ಭೇಟಿಯ ಸಮಯವನ್ನು ಬರೆದು ತೂಗುಹಾಕಬೇಕು. ಆ ಮಗನ ಒರಟುತನ ಇದರಿಂದ ಕ್ಷಮ್ಯವಾಗುವುದಿಲ್ಲ, ಆದರೆ ನಾಳೆ ಆ ಟ್ರಾಲಿ ಇನ್ನೊಬ್ಬರ ಮೊಣಕಾಲಿಗೆ ತಾಗುವುದು ತಪ್ಪಬಹುದು.

ಜ್ವರದ ಸನ್ನಿಯಲ್ಲೋ ರಕ್ತದ ಸಕ್ಕರೆ ಕುಸಿದಾಗಲೋ ಅರಿವಿಲ್ಲದೆ ಕೈಯೆತ್ತಿದ ರೋಗಿಯ ವಿಷಯವನ್ನೂ ಬರೆಯಿರಿ. ಆಗ ಉದ್ದೇಶ ಬೇರೆ, ಯಾರನ್ನೂ ದೂರುವುದಲ್ಲ. ವೈದ್ಯರನ್ನು ಕೂಡಲೇ ಕರೆಯಿರಿ, ಏಕೆಂದರೆ ದಿಢೀರನೆ ಬದಲಾದ ನಡವಳಿಕೆ ಕಾಯಿಲೆಯದೇ ಲಕ್ಷಣವಾಗಿರಬಹುದು. ಮುಂದಿನ ಪಾಳಿಯವರಿಗೂ ಎಚ್ಚರಿಕೆ ಸಿಗುತ್ತದೆ.

ನಮೂನೆಗೆ ಮಿತಿಯೂ ಇದೆ. ಯಾರಾದರೂ ಹೊರಗೆ ಕಾದು ನಿಂತಿದ್ದಾರೆಂದು ಗೊತ್ತಾದರೆ ಬರೆಯುತ್ತಾ ಕೂರಬೇಡಿ. ಮೊದಲು ಭದ್ರತಾ ಸಿಬ್ಬಂದಿ, ಪೊಲೀಸರು, ಹಾಳೆ ಆಮೇಲೆ. ತುಂಬಿದ ಹಾಳೆಗಳು ಎಲ್ಲರೂ ತಿರುವಿಹಾಕುವಂತೆ ಮೇಜಿನ ಮೇಲೆ ಬಿದ್ದಿರಬಾರದು, ಅವುಗಳಲ್ಲಿ ರೋಗಿಯ ಖಾಸಗಿ ವಿಷಯವೂ ಇರುತ್ತದೆ.

ಮೇಲ್ವಿಚಾರಕರ ಬಳಿ ಒಬ್ಬರೇ ಹೋಗಬೇಡಿ, ನಿಮ್ಮ ಪಾಳಿಯ ಇನ್ನಿಬ್ಬರನ್ನು ಕರೆದುಕೊಂಡು ಹೋಗಿ. ಈ ಹಾಳೆಗಳನ್ನು ಓದುವವರು ಯಾರು, ತಿಂಗಳಿಗೊಮ್ಮೆ ಎಲ್ಲರೆದುರು ಅವುಗಳ ಚರ್ಚೆಯಾಗುತ್ತದೆಯೇ, ಬರೆದವರಿಗೆ ಎಷ್ಟು ದಿನದೊಳಗೆ ಉತ್ತರ ಬರುತ್ತದೆ ಎಂದು ಕೇಳಿ. ಅವರು ಕೊಡುವ ಉತ್ತರವನ್ನೂ ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ.