ಡಿಕಾಕ್ಷನ್ ಶಾಟ್ ಮೇಲೆ ಏನು ಹೇಳೋದು?

"ಹತ್ತು ವರ್ಷದ ನಂತರದ ನನಗೇ ಬರೆದ ಪತ್ರವನ್ನು ಮನೆಯ 2 ನಿಮಿಷದ ವಿಡಿಯೋ ಮೇಲೆ ಓದಿದೆ, ಯಾಕೋ ವರದಿ ಓದಿದ ಹಾಗಿದೆ. ಏನು ಮಾಡಲಿ?"

ಕಣ್ಣಿಗೆ ಕಾಣೋದನ್ನೇ ಬಾಯಲ್ಲೂ ಹೇಳ್ತಿದ್ದೀರಾ ನೋಡಿ. ನಾನೂ ಡಿಕಾಕ್ಷನ್ ತೊಟ್ಟಿಕ್ಕುವ ಶಾಟ್ ಮೇಲೆ "ಅಮ್ಮ ಕಾಫಿ ಮಾಡುತ್ತಿದ್ದಾಳೆ" ಅಂತ ಬರೆದಿದ್ದೆ, ಸಪ್ಪೆ. ಅದನ್ನು ಹೊಡೆದುಹಾಕಿ "ಸಕ್ಕರೆ ಬಿಟ್ಟೆ ಅಂತ ಸುಳ್ಳು ಹೇಳ್ತಾಳೆ, ಈಗಲಾದ್ರೂ ಬಿಟ್ಟಳಾ?" ಅಂತ ಕೇಳಿದೆ. ಪತ್ರ ಆಗಿದ್ದು ಆಗಲೇ.

ಇನ್ನೊಂದು, ಉದ್ದ. ಮಾಮೂಲಿ ವೇಗದಲ್ಲಿ ಒಂದು ನಿಮಿಷ ಓದಿ ಪದ ಎಣಿಸಿ. 80 ಬಂದರೆ ನಿಮ್ಮ ವಿಡಿಯೋಗೆ 160 ಅಲ್ಲ, 100 ಸಾಕು, ಉಳಿದ ಹೊತ್ತು ಕುಕ್ಕರ್ ಸೀಟಿ, ಲೋಟದ ಸದ್ದು ಕೇಳಿಸಲಿ. ಶಾಟ್ ಬದಲಾದ ತಕ್ಷಣ ಮಾತು ಶುರು ಮಾಡಬೇಡಿ, ಒಂದೆರಡು ಸೆಕೆಂಡ್ ಸುಮ್ನೆ ಬಿಡಿ.