ಹೊಡೆದವರು ಯಾರು?

"ಸರ್, ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಗಲಾಟೆಯ ವರದಿ ಕಳಿಸಿದ್ದೇನೆ. ಒಂದೇ ಪದ ಮತ್ತೆ ಮತ್ತೆ ಬರದಂತೆ ನೋಡಿಕೊಂಡಿದ್ದೇನೆ. ಹೇಗಿದೆ ತಿಳಿಸಿ."

ಸ್ಥಳಕ್ಕೇ ಹೋಗಿ ಬರೆದಿದ್ದೀರಿ, ಸಂತೋಷ. ಆದರೆ ಎರಡನೇ ಪ್ಯಾರಾ ನನ್ನ ಬೆಳಗಿನ ಕಾಫಿ ಕೆಡಿಸಿತು:

"ಮಾಲೀಕರು ಕೂಲಿ ವಿಚಾರವಾಗಿ ಕೊನೆಗಾರರೊಂದಿಗೆ ಮಾತನಾಡುತ್ತಿದ್ದಾಗ ಅವರು ಸಿಟ್ಟಿಗೆದ್ದು ದೋಟಿಯಿಂದ ಹೊಡೆದರು. ಕೈಗೆ ಬಿದ್ದ ಏಟಿಗೆ ಅದು ಮುರಿದಿದೆ. ಅವರು ದೂರು ನೀಡಿದ್ದಾರೆ."

ಮುರಿದದ್ದು ಕೈಯೋ ದೋಟಿಯೋ? ಅಡಿಕೆ ಕೊಯ್ಯುವ ಉದ್ದನೆಯ ಕೋಲು ದೋಟಿ, ಅದನ್ನು ಹಿಡಿದು ಕೊನೆ ಇಳಿಸುವವನು ಕೊನೆಗಾರ, ಹೊಡೆದವನೂ ಅವನೇ ಎಂದುಕೊಂಡೆ. ನಿಮಗೆ ಫೋನ್ ಮಾಡಿದ ಮೇಲೆ ಗೊತ್ತಾಯಿತು, ದೋಟಿ ಕಿತ್ತುಕೊಂಡು ಹೊಡೆದದ್ದು ಮಾಲೀಕರಂತೆ! ಓದುಗರು ನಿಮಗೆ ಫೋನ್ ಮಾಡುವುದಿಲ್ಲ.

ನಮ್ಮ 'ಅವರು' ಬಲು ಮೋಸದ ಪದ. ಅವನು, ಅವಳು ಎಂದರೆ ಗಂಡೋ ಹೆಣ್ಣೋ ತಿಳಿಯುತ್ತದೆ, ಒಬ್ಬರೇ ಎಂದೂ ತಿಳಿಯುತ್ತದೆ. ಮರ್ಯಾದೆಗೆ 'ಅವರು' ಎಂದಿರೋ, ಎರಡೂ ಅಳಿಸಿಹೋಯಿತು. ಹಾಗೆಂದು ಮಾಲೀಕರನ್ನು 'ಅವರು', ಕೊನೆಗಾರನನ್ನು 'ಆತ' ಮಾಡಿ ಗೊಂದಲ ಬಿಡಿಸಬೇಡಿ. ವ್ಯಾಕರಣದ ಉಪಕಾರಕ್ಕೆ ಕೂಲಿಯವನ ಮರ್ಯಾದೆ ಯಾಕೆ ಕಳೆಯಬೇಕು? ನಾಮಪದವನ್ನೇ ಮತ್ತೆ ಬರೆಯಿರಿ: "ಕೊನೆಗಾರರೊಬ್ಬರ ಕೈಲಿದ್ದ ದೋಟಿ ಕಿತ್ತುಕೊಂಡ ಮಾಲೀಕರು ಕೊನೆಗಾರರ ಬಲಗೈಗೆ ಹೊಡೆದರು, ಕೈಮೂಳೆ ಮುರಿದಿದೆ ಎಂದು ದೂರಿನಲ್ಲಿದೆ." ಕೊನೆಗಾರ ಎರಡು ಸಲ ಬಂತು, ಬರಲಿ. ಪದ ಮರುಕಳಿಸಬಾರದೆಂಬುದು ಶಾಲೆಯ ಪ್ರಬಂಧದ ಪಾಠ.

ಕೊನೆಯ ಸಾಲು ಇನ್ನೂ ಸೊಗಸು: "ಮಾಲೀಕರು ತಮಗೆ ಸೇರಬೇಕಾದ ಹಣ ಇಟ್ಟುಕೊಂಡಿದ್ದಾರೆ ಎಂದು ಕೊನೆಗಾರರು ಹೇಳಿದರು." ಮಾಲೀಕರು ತಮಗೆ ಸೇರಬೇಕಾದದ್ದನ್ನು ಇಟ್ಟುಕೊಂಡರೆ ತಪ್ಪೇನು? 'ತಾನು', 'ತಾವು' ಸಾಮಾನ್ಯವಾಗಿ ವಾಕ್ಯದ ಕರ್ತೃವನ್ನು ಹಿಡಿಯುತ್ತವೆ. ಆದರೆ 'ಎಂದು' ಬಂದಾಗ ಕರ್ತೃಗಳು ಇಬ್ಬರಾಗುತ್ತಾರೆ, ಒಳಗಿನವರೊಬ್ಬರು, ಹೇಳುವವರೊಬ್ಬರು. ಆಗ 'ತಮಗೆ' ಇಬ್ಬರ ಮನೆಯ ಬಾಗಿಲನ್ನೂ ತಟ್ಟುತ್ತದೆ. "ಕೊನೆಗಾರರ ಕೂಲಿ ಹಣ" ಎಂದರೆ ಮುಗಿಯಿತಲ್ಲ.

ನಾನೂ ಪೆಟ್ಟು ತಿಂದೇ ಕಲಿತೆ. ಶಿವಮೊಗ್ಗದಲ್ಲಿ ಕೆಲಸಕ್ಕೆ ಸೇರಿದ ಹೊಸತು. ಬೇಲಿ ಜಗಳದ ಸುದ್ದಿಯಲ್ಲಿ ದೂರುದಾರರ ಹೆಸರು, ಆರೋಪಿಯ ಹೆಸರು ಬರೆದು, "ಅವರನ್ನು ಬಂಧಿಸಲಾಗಿದೆ" ಎಂದು ಮುಗಿಸಿದ್ದೆ. ಮರುದಿನ ಸುರಿಯುವ ಮಳೆಯಲ್ಲಿ ಕೊಡೆ ಮಡಚುತ್ತ ದೂರುದಾರರೇ ಕಚೇರಿಗೆ ಬಂದರು. "ನಾನು ಜೈಲಿನಲ್ಲಿದ್ದೀನಂತೆ, ನೋಡಿಹೋಗೋಣ ಅಂತ ನೆಂಟರು ಹೊರಟಿದ್ದಾರೆ" ಎಂದರು. ನಮ್ಮ ಹಿರಿಯ ಉಪಸಂಪಾದಕರು ಒಂದೂ ಮಾತಾಡಲಿಲ್ಲ. ಅಂದಿನಿಂದ ನನ್ನ ಪ್ರತಿಯ ಪ್ರತಿ 'ಅವರು'ವಿನ ಪಕ್ಕ ಕೆಂಪು ಪೆನ್ಸಿಲ್‌ನಲ್ಲಿ "ಯಾರು?" ಎಂದು ಬರೆದು ವಾಪಸ್ ಕಳಿಸುತ್ತಿದ್ದರು. ಆರು ತಿಂಗಳು ಹೀಗೇ ನಡೆಯಿತು.

ನಿಮ್ಮ ಪ್ರತಿಯಲ್ಲಿ ಅಂಥ ಹದಿನಾಲ್ಕು ಗುರುತು ಹಾಕಿ ಕಳಿಸಿದ್ದೇನೆ. ಒಂದೊಂದರ ಮೇಲೂ ಬೆರಳಿಟ್ಟು ಹಿಂದಕ್ಕೆ ಓದಿ. ಇಬ್ಬರು ಸಿಕ್ಕರೆ ಹೆಸರು ಬರೆಯಿರಿ. ಗುರುವಾರದೊಳಗೆ ಬಂದರೆ ಈ ವಾರವೇ ಹಾಕುತ್ತೇನೆ. ಅಂದಹಾಗೆ, ಗಾಯಗೊಂಡ ಕೊನೆಗಾರರು ಒಬ್ಬರೇ ತಾನೆ?